ನಾಣ್ಯದ ಮರೆಯಲ್ಲಿ ನಿಜದ ಉತ್ತರ: ವ್ಯಕ್ತಿಯ ಗುಟ್ಟನ್ನು ಕೇಳದ ಆರೋಗ್ಯ ಸಮೀಕ್ಷೆ

ಆರೋಗ್ಯ ಸಮೀಕ್ಷೆಗೆಂದು ಮನೆಯ ಜಗಲಿಗೆ ಬಂದು ಕುಳಿತವರು ವಯಸ್ಸು, ವಿದ್ಯಾಭ್ಯಾಸ, ಮನೆಯಲ್ಲಿರುವ ಮಂದಿಯ ಸಂಖ್ಯೆ ಇವನ್ನು ಕೇಳುವವರೆಗೆ ಎಲ್ಲವೂ ಸಲೀಸಾಗಿ ಸಾಗುತ್ತದೆ. ಬಾಗಿಲ ಮರೆಯಲ್ಲಿ ಅತ್ತೆ ನಿಂತಿರುತ್ತಾರೆ, ಅಂಗಳದಲ್ಲಿ ಪಕ್ಕದ ಮನೆಯವರು ಅಡಿಕೆ ಹರಡುತ್ತಿರುತ್ತಾರೆ. ಆಗ ಹಾಳೆಯ ಮುಂದಿನ ಪುಟದಲ್ಲಿ ಬರುವ ಪ್ರಶ್ನೆ: 'ನೀವು ಮದ್ಯಪಾನ ಮಾಡುತ್ತೀರಾ?' ಉತ್ತರ ಬರೆಯುವ ಮೊದಲೇ ಸಮೀಕ್ಷಕರಿಗೆ ಗೊತ್ತಿರುತ್ತದೆ, ಅದು 'ಇಲ್ಲ' ಎಂದು. ಹಾಗೆ ಹೇಳಿದವರನ್ನು ಸುಳ್ಳುಗಾರರೆಂದು ಕರೆಯುವುದು ನ್ಯಾಯವಲ್ಲ. ಕೇಳಿದ ರೀತಿಯೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತು. ಆದರೆ ಆ 'ಇಲ್ಲ'ಗಳನ್ನೆಲ್ಲ ಕೂಡಿಸಿ ತಾಲ್ಲೂಕಿನ ಲೆಕ್ಕ ಬರೆದಾಗ ವ್ಯಸನಮುಕ್ತಿ ಚಿಕಿತ್ಸೆಗೆ ಎಷ್ಟು ಹಾಸಿಗೆ ಬೇಕು, ಎಷ್ಟು ಔಷಧಿ ತರಿಸಬೇಕು ಎಂಬ ಅಂದಾಜು ಮೂಲದಲ್ಲಿಯೇ ತಪ್ಪುತ್ತದೆ.

ಈ ತೊಡಕನ್ನು ಬಿಡಿಸುವ ಒಂದು ಉಪಾಯವನ್ನು ಕರ್ನಾಟಕದಲ್ಲಿಯೇ ಎಚ್.ಐ.ವಿ. ತಡೆಗಟ್ಟುವಿಕೆಯ ಕೆಲಸದಲ್ಲಿ ಬಳಸಿ ನೋಡಲಾಗಿದೆ. ಕರ್ನಾಟಕ ರಾಜ್ಯ ಏಡ್ಸ್ ತಡೆಗಟ್ಟುವ ಸಂಸ್ಥೆ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯಗಳ ಸಹಯೋಗದಿಂದ 2003ರಲ್ಲಿ ರೂಪುಗೊಂಡ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಅದರ ಜೊತೆಗಾರರು ನಡೆಸಿದ ಈ ವಿಧಾನಕ್ಕೆ 'ಮತಗಟ್ಟೆ ಸಮೀಕ್ಷೆ' ಎಂಬ ಅರ್ಥದ ಇಂಗ್ಲಿಷ್ ಹೆಸರಿದೆ: ಪೋಲಿಂಗ್ ಬೂತ್ ಸರ್ವೆ. ಹೆಸರು ಕೇಳಿದೊಡನೆ ಅದರ ಬಗೆಯೂ ತಿಳಿಯುವಂತಿದೆ. ಹತ್ತು ಹದಿನೈದು ಮಂದಿ ಗಂಡಸರು, ಅಥವಾ ಅಷ್ಟೇ ಮಂದಿ ಹೆಂಗಸರು ಒಂದೆಡೆ ಸೇರುತ್ತಾರೆ. ಒಬ್ಬರ ಕೈ ಇನ್ನೊಬ್ಬರಿಗೆ ಕಾಣದಂತೆ ಪ್ರತಿಯೊಬ್ಬರಿಗೂ ಮರೆ ಕಟ್ಟಿರುತ್ತಾರೆ. ಪ್ರತಿಯೊಬ್ಬರ ಕೈಯಲ್ಲಿ ಪ್ರಶ್ನೆಯ ಕ್ರಮಸಂಖ್ಯೆ ಬರೆದ ಚೀಟಿಗಳು, ಎದುರಿಗೆ ಬೇರೆ ಬೇರೆ ಬಣ್ಣದ ಪೆಟ್ಟಿಗೆಗಳು: 'ಹೌದು' ಎಂಬುದಕ್ಕೊಂದು, 'ಇಲ್ಲ' ಎಂಬುದಕ್ಕೊಂದು, 'ನನಗೆ ಅನ್ವಯಿಸದು' ಎಂಬುದಕ್ಕೊಂದು. ಸಮೀಕ್ಷಕರು ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ. ಆ ಸಂಖ್ಯೆಯ ಚೀಟಿಯನ್ನು ಪ್ರತಿಯೊಬ್ಬರೂ ಮರೆಯಲ್ಲಿ ತಮಗೆ ಸಲ್ಲುವ ಪೆಟ್ಟಿಗೆಗೆ ಹಾಕುತ್ತಾರೆ. ಕೊನೆಯಲ್ಲಿ ಎಲ್ಲರ ಚೀಟಿಗಳನ್ನೂ ಒಂದುಗೂಡಿಸಿ ಎಣಿಸುತ್ತಾರೆ. ಗುಂಪಿನಲ್ಲಿ ಎಷ್ಟು ಮಂದಿ 'ಹೌದು' ಎಂದರು ಎಂಬುದು ತಿಳಿಯುತ್ತದೆ, ಯಾರು ಎಂದರು ಎಂಬುದು ಎಣಿಸಿದವರಿಗೂ ತಿಳಿಯುವುದಿಲ್ಲ.

ಈ ವಿಧಾನದ ಫಲವನ್ನು ಮುಖಾಮುಖಿ ಸಂದರ್ಶನದ ಫಲದೊಡನೆ ಹೋಲಿಸಿದ ಅಧ್ಯಯನವೊಂದು 2012ರಲ್ಲಿ ಕ್ಯಾಥರಿನ್ ಲೌಂಡ್ಸ್ ಮತ್ತು ಸಹೋದ್ಯೋಗಿಗಳ ಹೆಸರಿನಲ್ಲಿ 'ಏಡ್ಸ್ ಅಂಡ್ ಬಿಹೇವಿಯರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಿವಾಹಬಾಹ್ಯ ಸಂಬಂಧ, ರಕ್ಷಣೆಯಿಲ್ಲದ ಸಂಪರ್ಕ ಮೊದಲಾದ ಮುಜುಗರದ ಪ್ರಶ್ನೆಗಳಿಗೆ ಎದುರು ಕುಳಿತು ಕೇಳಿದಾಗ ಬಂದುದಕ್ಕಿಂತ ಪೆಟ್ಟಿಗೆಯಲ್ಲಿ 'ಹೌದು' ಹೆಚ್ಚಾಗಿ ಬಂದಿತ್ತು. ಕಾಯಿಲೆಯ ಹರಡುವಿಕೆಯನ್ನು ಲೆಕ್ಕಹಾಕುವವರಿಗೆ ಇದು ಸಣ್ಣ ಸಂಗತಿಯಲ್ಲ. ಸಂದರ್ಶನದ ಅಂಕಿಯನ್ನೇ ನಂಬಿದ್ದರೆ ಅಪಾಯ ಇದ್ದುದಕ್ಕಿಂತ ಕಡಿಮೆ ಎಂದು ಬರೆದಿಡುತ್ತಿದ್ದರು.

ಆದರೆ ನಮ್ಮ ಮಲೆನಾಡಿಗೆ ಈ ಪೆಟ್ಟಿಗೆಯ ವಿಧಾನ ಸುಲಭವಾಗಿ ಹೊಂದುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆಗಳು ತೋಟದ ನಡುವೆ ಒಂದೊಂದಾಗಿ ದೂರ ದೂರ ಇರುತ್ತವೆ. ಮಳೆಗಾಲದಲ್ಲಿ ಹನ್ನೆರಡು ಮಂದಿಯನ್ನು ಒಂದು ಕೋಣೆಗೆ ಸೇರಿಸುವುದೇ ದೊಡ್ಡ ಕೆಲಸ. ಸೇರಿದವರೂ ಒಬ್ಬರಿಗೊಬ್ಬರು ನೆಂಟರೋ ಪರಿಚಿತರೋ ಆಗಿರುತ್ತಾರೆ. ಅಂತಹ ಕಡೆ ಒಂಟಿ ಮನೆಯ ಜಗಲಿಯಲ್ಲಿ, ಒಬ್ಬರನ್ನೇ ಕೂರಿಸಿಕೊಂಡು, ಎದುರಿಗಿರುವವರ ಕಿವಿಗೆ ಬೀಳುವಂತೆಯೇ 'ಹೌದು' ಎಂದು ಹೇಳಿಸಿಯೂ ಗುಟ್ಟನ್ನು ಉಳಿಸುವ ದಾರಿ ಬೇಕು. ಅಂತಹ ದಾರಿಯನ್ನು ಅಮೆರಿಕದ ಸ್ಟ್ಯಾನ್ಲಿ ವಾರ್ನರ್ ಎಂಬ ವಿದ್ವಾಂಸ 1965ರಲ್ಲಿ ತೋರಿಸಿದ. ಅದನ್ನು ರ್‍ಯಾಂಡಮೈಸ್ಡ್ ರೆಸ್ಪಾನ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಯಾದೃಚ್ಛಿಕ ಉತ್ತರ ವಿಧಾನ ಎನ್ನಬಹುದು. ಭಾರತದಲ್ಲಿ ಈ ಶಾಸ್ತ್ರವನ್ನು ಆಳವಾಗಿ ಬೆಳೆಸಿದವರಿದ್ದಾರೆ. ಅರಿಜಿತ್ ಚೌಧುರಿ ಮತ್ತು ರಾಹುಲ್ ಮುಖರ್ಜಿಯವರು 1988ರಲ್ಲಿ ಇದಕ್ಕೆಂದೇ ಒಂದು ಗ್ರಂಥವನ್ನು ಹೊರತಂದರು. ಕಾಲಾನಂತರ ಇದರ ಹಲವು ಪ್ರಭೇದಗಳು ಹುಟ್ಟಿವೆ. ಅವುಗಳಲ್ಲಿ ಎಲ್ಲರಿಗೂ ಅರ್ಥವಾಗುವಂತಹ, ನಾಣ್ಯವನ್ನು ಬಳಸುವ ಒಂದನ್ನು ಇಲ್ಲಿ ವಿವರಿಸುತ್ತೇನೆ.

ಹರಿಹರಪುರ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ, ತೋಟದ ಲೈನ್ ಮನೆಗಳೂ ಸೇರಿದಂತೆ, 400 ಮಂದಿ ವಯಸ್ಕ ಪುರುಷರನ್ನು ಆರಿಸಿಕೊಂಡಿದ್ದೇವೆಂದು ಭಾವಿಸೋಣ. ಇದು ಲೆಕ್ಕ ತಿಳಿಯಲು ಕಟ್ಟಿಕೊಂಡ ಉದಾಹರಣೆಯೇ ಹೊರತು ನಡೆದ ಸಮೀಕ್ಷೆಯಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: 'ಕಳೆದ 30 ದಿನಗಳಲ್ಲಿ ನೀವು ಮದ್ಯ ಸೇವಿಸಿದ್ದೀರಾ?' ಉತ್ತರಿಸುವವರ ಕೈಗೆ ಒಂದು ರೂಪಾಯಿ ನಾಣ್ಯ ಕೊಡುತ್ತೇವೆ. ಅದರ ಒಂದು ಮುಖದಲ್ಲಿ ಸಿಂಹಲಾಂಛನ, ಇನ್ನೊಂದರಲ್ಲಿ ಅಂಕಿ. ಅವರು ಗೋಡೆಯ ಕಡೆ ತಿರುಗಿ, ಅಥವಾ ಟವಲಿನ ಮರೆಯಲ್ಲಿ ನಾಣ್ಯವನ್ನು ಚಿಮ್ಮಿ ನೋಡುತ್ತಾರೆ. ಸಿಂಹ ಬಿದ್ದರೆ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಹೇಳಬೇಕು. ಅಂಕಿ ಬಿದ್ದರೆ ಪ್ರಶ್ನೆಯನ್ನು ಮರೆತುಬಿಡಬೇಕು, ಮತ್ತೊಮ್ಮೆ ಚಿಮ್ಮಬೇಕು. ಎರಡನೆಯ ಸಲ ಸಿಂಹ ಬಿದ್ದರೆ ಸುಮ್ಮನೆ 'ಹೌದು' ಎನ್ನಬೇಕು, ಅಂಕಿ ಬಿದ್ದರೆ ಸುಮ್ಮನೆ 'ಇಲ್ಲ' ಎನ್ನಬೇಕು. ಮೊದಲ ಸಲವೇ ಸಿಂಹ ಬಿದ್ದವರೂ ಎರಡನೆಯ ಬಾರಿ ಚಿಮ್ಮಿದಂತೆ ಮಾಡಬೇಕೆಂದು ಮೊದಲೇ ಹೇಳಿಕೊಡಬೇಕು. ಇಲ್ಲವಾದರೆ ಒಮ್ಮೆ ಮಾತ್ರ ಚಿಮ್ಮಿ 'ಹೌದು' ಎಂದವನ ಗುಟ್ಟು ಆ ಕ್ಷಣವೇ ಬಯಲಾಗುತ್ತದೆ. ಸಣ್ಣ ಮಾತೆಂದು ತೋರಿದರೂ ತರಬೇತಿಯಲ್ಲಿ ಬಹಳ ಸಲ ತಪ್ಪಿಹೋಗಬಹುದಾದ ಅಂಶ ಇದೇ.

ಸಮೀಕ್ಷಕರಿಗೆ ಕೇಳಿಸುವುದು 'ಹೌದು' ಅಥವಾ 'ಇಲ್ಲ' ಎಂಬ ಒಂದು ಮಾತು. ಅದು ನಿಜದ ಮಾತೋ ನಾಣ್ಯದ ಮಾತೋ ಅವರಿಗೆ ತಿಳಿಯದು. ಬಾಗಿಲ ಮರೆಯಲ್ಲಿ ನಿಂತ ಅತ್ತೆಗೂ ತಿಳಿಯದು.

ಈಗ ಗುಂಪಿನ ಲೆಕ್ಕಕ್ಕೆ ಬರೋಣ. 400 ಮಂದಿಯಲ್ಲಿ ಸುಮಾರು 200 ಮಂದಿಗೆ ಮೊದಲ ಸಲ ಸಿಂಹ ಬಿದ್ದಿರುತ್ತದೆ, ಅವರು ನಿಜ ನುಡಿದವರು. ಉಳಿದ 200 ಮಂದಿಯಲ್ಲಿ ಸುಮಾರು 100 ಮಂದಿ ನಾಣ್ಯದ ಆಜ್ಞೆಯಂತೆ 'ಹೌದು' ಎಂದರು, 100 ಮಂದಿ 'ಇಲ್ಲ' ಎಂದರು. ಊರಿನಲ್ಲಿ ಒಬ್ಬರೂ ಕುಡಿಯದಿದ್ದರೂ ನಮಗೆ ಸುಮಾರು 100 'ಹೌದು' ಬಂದೇ ಬರುತ್ತದೆ. ನಮ್ಮ ಪುಸ್ತಕದಲ್ಲಿ 148 'ಹೌದು' ಇವೆ ಎಂದಿಟ್ಟುಕೊಳ್ಳಿ. ನಾಣ್ಯ ಹೇಳಿಸಿದ 100ನ್ನು ಕಳೆದರೆ 48 ಉಳಿಯಿತು. ಈ 48 ಬಂದಿದ್ದು ನಿಜ ನುಡಿದ 200 ಮಂದಿಯಿಂದ. ಆದ್ದರಿಂದ ಕುಡಿದವರ ಪ್ರಮಾಣ 200ರಲ್ಲಿ 48, ಅಂದರೆ ಶೇ. 24. ಇಡೀ 400 ಮಂದಿಗೆ ಅನ್ವಯಿಸಿದರೆ 96 ಮಂದಿ. ಆ 96 ಮಂದಿ ಯಾರು? ಪುಸ್ತಕ ಹೇಳುವುದಿಲ್ಲ.

ಗುಟ್ಟು ಎಷ್ಟರಮಟ್ಟಿಗೆ ಉಳಿಯಿತೆಂದು ಅಳೆದು ನೋಡುವುದೂ ಸಾಧ್ಯ. ಕುಡಿದ 96 ಮಂದಿಯಲ್ಲಿ ಅರ್ಧದಷ್ಟು ಜನ ನಿಜ ನುಡಿದು 'ಹೌದು' ಎಂದರು, ಕಾಲುಭಾಗ ನಾಣ್ಯದ ಮಾತಿನಂತೆ 'ಹೌದು' ಎಂದರು, ಒಟ್ಟು 72. ಕುಡಿಯದ 304 ಮಂದಿಯಲ್ಲಿ ಕಾಲುಭಾಗ, ಅಂದರೆ 76 ಮಂದಿ, ನಾಣ್ಯಕ್ಕೆ ವಿಧೇಯರಾಗಿ 'ಹೌದು' ಎಂದರು. 72 ಮತ್ತು 76 ಕೂಡಿದರೆ ನಮ್ಮ 148. ಅಂದರೆ 'ಹೌದು' ಎಂದವರಲ್ಲಿ ಕುಡಿಯದವರೇ ತುಸು ಹೆಚ್ಚು. ಯಾರಾದರೂ ಆ ಪುಸ್ತಕವನ್ನು ಕದ್ದು ಓದಿದರೂ ಒಬ್ಬನ ಹೆಸರಿನ ಮುಂದಿರುವ 'ಹೌದು' ನೋಡಿ ಅವನು ಕುಡಿಯುತ್ತಾನೆಂದು ಖಚಿತವಾಗಿ ಹೇಳಲಾರರು.

ಹಾಗೆಂದು ಏನೂ ತಿಳಿಯಲಿಲ್ಲವೆಂದೂ ಹೇಳುವಂತಿಲ್ಲ. ಉತ್ತರ ಕೇಳುವ ಮೊದಲು ಆ ವ್ಯಕ್ತಿಯ ಮೇಲೆ ನೂರಕ್ಕೆ 24ರಷ್ಟು ಸಂದೇಹವಿತ್ತು. 'ಹೌದು' ಕೇಳಿದ ಮೇಲೆ ಅದು 49ರ ಸಮೀಪಕ್ಕೆ ಏರಿತು. 'ಇಲ್ಲ' ಎಂದಿದ್ದರೆ ಸುಮಾರು 10ಕ್ಕೆ ಇಳಿಯುತ್ತಿತ್ತು. ಈ ವಿಧಾನ ಗುಟ್ಟನ್ನು ಸಂಪೂರ್ಣ ಮುಚ್ಚುತ್ತದೆ ಎನ್ನುವವರ ಮಾತು ಅತಿಶಯೋಕ್ತಿ. ಅದು ಒಂದು ಅಳತೆಯ ಮರೆಯನ್ನು ಕೊಡುತ್ತದೆ, ಆ ಅಳತೆಯನ್ನು ಮೊದಲೇ ಲೆಕ್ಕಹಾಕಿ ಜನರಿಗೆ ಹೇಳಬಹುದು. ಮುಖಾಮುಖಿ ಸಂದರ್ಶನದಲ್ಲಿ 'ನಿಮ್ಮ ಉತ್ತರ ಗುಪ್ತವಾಗಿರುತ್ತದೆ' ಎಂಬ ಭರವಸೆ ಕೇವಲ ಸಮೀಕ್ಷಕರ ಮಾತಿನ ಮೇಲೆ ನಿಂತಿದೆ. ಇಲ್ಲಿ ಸಮೀಕ್ಷಕರು ಮಾತಿಗೆ ತಪ್ಪಿದರೂ ಹೇಳಲು ಅವರ ಬಳಿ ಏನೂ ಇರುವುದಿಲ್ಲ.

ಈ ಮರೆಗೆ ಬೆಲೆ ತೆರಬೇಕು. ನಾಣ್ಯ ಸರಿಯಾಗಿ 100 'ಹೌದು'ಗಳನ್ನೇ ಹೇಳಿಸುತ್ತದೆ ಎಂಬ ಖಾತರಿಯಿಲ್ಲ. ಒಮ್ಮೆ 90 ಆಗಬಹುದು, ಒಮ್ಮೆ 110 ಆಗಬಹುದು. ಆ ಏರುಪೇರೆಲ್ಲ ನಮ್ಮ ಅಂದಾಜಿನೊಳಗೆ ಸೇರಿಕೊಳ್ಳುತ್ತದೆ. ಮೇಲಿನ ಲೆಕ್ಕದಲ್ಲಿ ಶೇ. 24 ಎಂದೆವಷ್ಟೆ, ಸಂಖ್ಯಾಶಾಸ್ತ್ರದ ರೂಢಿಯಂತೆ ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬೇಕಾದರೆ ನಿಜವಾದ ಪ್ರಮಾಣ ಶೇ. 14ರಿಂದ 34ರ ನಡುವೆ ಎಲ್ಲಿಯೂ ಇರಬಹುದು. ಅದೇ 400 ಮಂದಿ ನೇರ ಪ್ರಶ್ನೆಗೆ ಸಂಪೂರ್ಣ ಸತ್ಯವನ್ನೇ ಹೇಳಿದ್ದರೆ ಈ ಅಂತರ ಶೇ. 20ರಿಂದ 28ಕ್ಕೆ ಕುಗ್ಗುತ್ತಿತ್ತು. ಅಷ್ಟೇ ನಿಖರತೆ ನಾಣ್ಯದ ವಿಧಾನದಲ್ಲಿ ಬೇಕೆಂದರೆ 400ರ ಬದಲು ಸುಮಾರು 2,000 ಮಂದಿಯನ್ನು ಕೇಳಬೇಕು. ಹರಿಹರಪುರದಂತಹ ಒಂದೇ ಗ್ರಾಮದೊಳಗೆ ಅಷ್ಟು ಮಂದಿ ಪುರುಷರನ್ನು ಹುಡುಕುವುದು ಕಷ್ಟ, ಆದ್ದರಿಂದ ಇದು ಒಂದು ಬೀದಿಗೋ ಒಂದು ಹಳ್ಳಿಗೋ ಹೊಂದುವ ಅಳತೆಗೋಲಲ್ಲ. ತಾಲ್ಲೂಕು ಮಟ್ಟದಲ್ಲಿ ಬಳಸುವಂಥದ್ದು. 40 ಮಂದಿಯನ್ನು ಕೇಳಿ 'ನಮ್ಮೂರಿನಲ್ಲಿ ಇಷ್ಟು ಮಂದಿ' ಎಂದು ಪ್ರಕಟಿಸಿದ ವರದಿ ಕಂಡರೆ ಅದನ್ನು ಬದಿಗಿಡಬಹುದು.

ಮರೆಯನ್ನು ಸ್ವಲ್ಪ ತೆಳುವಾಗಿಸಿದರೆ ನಿಖರತೆ ಹೆಚ್ಚುತ್ತದೆ. ನಾಣ್ಯದ ಬದಲು ಒಂದು ಬಟ್ಟೆಯ ಚೀಲದಲ್ಲಿ ಒಂದೇ ಗಾತ್ರದ 20 ಮಣಿಗಳನ್ನು ಹಾಕಿ: 14 ಬಿಳಿ, 3 ಕೆಂಪು, 3 ಕಪ್ಪು. ಬಿಳಿ ಬಂದರೆ ನಿಜ, ಕೆಂಪು ಬಂದರೆ 'ಹೌದು', ಕಪ್ಪು ಬಂದರೆ 'ಇಲ್ಲ'. ಮಣಿಯನ್ನು ಮತ್ತೆ ಚೀಲಕ್ಕೆ ಹಾಕಿ ಕಲಕಬೇಕು. ಓದುಬರಹ ಬಾರದವರಿಗೂ ಮಣಿ ನಾಣ್ಯಕ್ಕಿಂತ ಸುಲಭ, ಎರಡು ಬಾರಿ ಚಿಮ್ಮುವ ಗೊಂದಲವೂ ಇಲ್ಲ. ಅದೇ 400 ಮಂದಿಯಿಂದ ಬರುವ ಅಂದಾಜಿನ ಅಂತರ ಈಗ ಸುಮಾರು ಶೇ. 17ರಿಂದ 31ರಷ್ಟಾಗುತ್ತದೆ. ಆದರೆ 'ಹೌದು' ಎಂದ ನೂರು ಮಂದಿಯಲ್ಲಿ ಈಗ 64 ಮಂದಿ ನಿಜವಾಗಿಯೂ ಕುಡಿದವರು. ಮೊದಲು ಅದು 49 ಆಗಿತ್ತು. ಎಷ್ಟು ಬಿಳಿ ಮಣಿ ಹಾಕಬೇಕೆಂಬ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ. ಪ್ರಶ್ನೆ ಎಷ್ಟು ನಾಚಿಕೆಯದೋ ಎಷ್ಟು ಅಪಾಯದ್ದೋ ನೋಡಿ ನಿರ್ಧರಿಸಬೇಕು. ಹೊಗೆಸೊಪ್ಪಿನ ಬಗ್ಗೆ ಕೇಳುವಾಗ 14 ಬಿಳಿ ಮಣಿ ಇರಬಹುದು; ಗಂಡನ ಹೊಡೆತದ ಬಗ್ಗೆ ಹೆಂಗಸರನ್ನು ಕೇಳುವಾಗ 10ಕ್ಕಿಂತ ಹೆಚ್ಚು ಹಾಕಲು ನಾನಂತೂ ಒಪ್ಪಲಾರೆ.

ವಾರ್ನರ್ ಮೊದಲು ಸೂಚಿಸಿದ ಕ್ರಮ ಇದಕ್ಕಿಂತ ಬೇರೆಯಾಗಿತ್ತು. ಅಲ್ಲಿ ತಿರುಗುವ ಮುಳ್ಳೊಂದು 'ನಾನು ಆ ಗುಂಪಿಗೆ ಸೇರಿದವನು' ಎಂಬ ವಾಕ್ಯವನ್ನಾದರೂ 'ನಾನು ಆ ಗುಂಪಿಗೆ ಸೇರಿದವನಲ್ಲ' ಎಂಬ ವಾಕ್ಯವನ್ನಾದರೂ ತೋರಿಸುತ್ತದೆ. ಉತ್ತರಿಸುವವರು ತೋರಿದ ವಾಕ್ಯ ತಮ್ಮ ಮಟ್ಟಿಗೆ ಸರಿಯೋ ತಪ್ಪೋ ಎಂದಷ್ಟೇ ಹೇಳುತ್ತಾರೆ. ಇದನ್ನು ಓದಿ ಉತ್ಸಾಹದಿಂದ ನಾಣ್ಯವನ್ನೇ ಮುಳ್ಳಿನ ಜಾಗದಲ್ಲಿ ಬಳಸಿದರೆ ಇಡೀ ಸಮೀಕ್ಷೆ ವ್ಯರ್ಥ. ಎರಡು ವಾಕ್ಯಗಳೂ ಸಮಸಮವಾಗಿ ಬಂದಾಗ ಊರಿನಲ್ಲಿ ಎಲ್ಲರೂ ಕುಡಿದರೂ ಯಾರೂ ಕುಡಿಯದಿದ್ದರೂ 'ಸರಿ' ಎಂಬ ಉತ್ತರ ಅರ್ಧದಷ್ಟೇ ಬರುತ್ತದೆ. ಆ ಕ್ರಮದಲ್ಲಿ ಒಂದು ವಾಕ್ಯ ಇನ್ನೊಂದಕ್ಕಿಂತ ಹೆಚ್ಚು ಸಲ ಬರುವಂತೆ ಇರಲೇಬೇಕು.

ಈ ವಿಧಾನಕ್ಕೆ ಬರುವ ಮುಖ್ಯವಾದ ಕೇಡು ಗಣಿತದಿಂದ ಬರುವುದಲ್ಲ, ಮನಸ್ಸಿನಿಂದ ಬರುವುದು. ಜೀವನದಲ್ಲಿ ಒಮ್ಮೆಯೂ ಮದ್ಯ ಮುಟ್ಟದ ಹಿರಿಯರೊಬ್ಬರಿಗೆ ನಾಣ್ಯ 'ಹೌದು ಎನ್ನು' ಎಂದಿತು ಎಂದು ಊಹಿಸಿ. ನಾಣ್ಯದ ಆಜ್ಞೆ ಎಂದು ಬುದ್ಧಿಗೆ ಗೊತ್ತಿದೆ. ಆದರೂ ಆ ಮಾತನ್ನು ಬಾಯಿಬಿಟ್ಟು ಹೇಳಲು ನಾಲಿಗೆ ಏಳುವುದಿಲ್ಲ. ಅವರು 'ಇಲ್ಲಪ್ಪ, ಇಲ್ಲ' ಎಂದುಬಿಡುತ್ತಾರೆ. ವ್ಯಸನವಿಲ್ಲದವರ ಪ್ರಾಮಾಣಿಕತೆಯೇ ಇಲ್ಲಿ ಲೆಕ್ಕವನ್ನು ಕೆಡಿಸುತ್ತದೆ! ಎಷ್ಟು ಕೆಡಿಸುತ್ತದೆ ನೋಡಿ. ನಮ್ಮ ಉದಾಹರಣೆಯಲ್ಲಿ ಕುಡಿಯದಿದ್ದರೂ 'ಹೌದು' ಎನ್ನಬೇಕಾದವರು 76 ಮಂದಿ. ಅವರಲ್ಲಿ ಮೂರನೆಯ ಒಂದು ಭಾಗ, ಸುಮಾರು 25 ಮಂದಿ, 'ಇಲ್ಲ' ಎಂದರೆನ್ನಿ. ಆಗ ಬರುವ 'ಹೌದು' 148ರ ಬದಲು 123. ನೂರನ್ನು ಕಳೆದರೆ 23, ಅಂದರೆ 200ರಲ್ಲಿ 23, ಶೇ. 11.5. ನಿಜವಾಗಿ ಶೇ. 24 ಇದ್ದುದು ಅರ್ಧಕ್ಕೂ ಕೆಳಗಿಳಿಯಿತು. ಕುಡಿಯುವವರಲ್ಲಿ ಒಬ್ಬನೂ ಸುಳ್ಳು ಹೇಳದಿದ್ದಾಗಲೂ ಹೀಗಾಗಬಹುದು.

ಇದನ್ನು ಕಂಡುಹಿಡಿಯುವ ಬಗೆ ಹೇಗೆ? 400ರಲ್ಲಿ 'ಹೌದು' 100ಕ್ಕಿಂತ ಸಾಕಷ್ಟು ಕಡಿಮೆ ಬಂದರೆ, ಉದಾಹರಣೆಗೆ 75 ಬಂದರೆ, ಕುಡಿಯುವವರ ಪ್ರಮಾಣ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅದು ಅಸಾಧ್ಯವಾದುದರಿಂದ ಜನ ನಾಣ್ಯದ ಮಾತನ್ನು ಪಾಲಿಸಿಲ್ಲ ಎಂದು ತಿಳಿಯಬೇಕು. 123ರಂತಹ ನಡುವಿನ ಸಂಖ್ಯೆ ಬಂದಾಗ ಇಷ್ಟು ಸುಲಭವಲ್ಲ. ಅದಕ್ಕಾಗಿ ಅದೇ ನಾಣ್ಯದಿಂದ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ, ನಿಜವಾದ ಉತ್ತರ ಸಮೀಕ್ಷಕರಿಗೆ ಮೊದಲೇ ಗೊತ್ತಿರುವಂಥದ್ದನ್ನು. ಆ ಊರಿನಲ್ಲಿ ಒಬ್ಬರೂ ಮಾಡಿರಲಾರದ, ಹೇಳಲು ಮುಜುಗರವಾಗುವ ಒಂದು ಕೆಲಸವನ್ನು ಆರಿಸಿಕೊಂಡರೆ ಅಲ್ಲಿ ಕಾಲುಭಾಗ 'ಹೌದು' ಬರಬೇಕು. ಶೇ. 25ರ ಬದಲು 17 ಬಂದರೆ ಸೋರಿಕೆ ಎಷ್ಟೆಂಬುದು ಸಿಕ್ಕಿತು, ಮುಖ್ಯ ಪ್ರಶ್ನೆಯ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ತಿದ್ದಬಹುದು.

ಒಬ್ಬೊಬ್ಬರ ಮಾತು ನಿಜವೋ ಅಲ್ಲವೋ ತಿಳಿಯದೆ ಗುಂಪಿನ ನಡತೆಯನ್ನು ಅಳೆಯುವ ಈ ತರ್ಕಕ್ಕೆ ಬೆಂಗಳೂರಿನಲ್ಲಿಯೇ ಒಂದು ನಿದರ್ಶನವಿದೆ. ಅರ್ಥಶಾಸ್ತ್ರಜ್ಞೆಯರಾದ ರೇಮಾ ಹನ್ನಾ ಮತ್ತು ಶಿಂಗ್-ಯಿ ವಾಂಗ್ ಅಲ್ಲಿನ ಕಾಲೇಜು ವಿದ್ಯಾರ್ಥಿಗಳ ಕೈಗೆ ದಾಳ ಕೊಟ್ಟು 42 ಬಾರಿ ಉರುಳಿಸಿ, ಬಿದ್ದ ಅಂಕಿಯನ್ನು ಅವರೇ ಬರೆದುಕೊಳ್ಳುವಂತೆ ಹೇಳಿದರು. ಅಂಕಿ ಹೆಚ್ಚಾದಷ್ಟೂ ಹಣ ಹೆಚ್ಚು. ನ್ಯಾಯವಾಗಿ ಆಡಿದರೆ ಸರಾಸರಿ ಒಟ್ಟು 147 ಆಗಬೇಕು. 180 ಎಂದು ಬರೆದ ಒಬ್ಬನನ್ನು ಹಿಡಿದು ಕಳ್ಳನೆನ್ನಲು ಸಾಕ್ಷಿಯಿಲ್ಲ, ಅವನಿಗೆ ಅದೃಷ್ಟವೇ ಕೂಡಿಬಂದಿರಬಹುದು. ಆದರೆ ದಾಳದ ನಿಯಮಕ್ಕೆ ಮೀರಿದಷ್ಟು ಮಂದಿ ಮೇಲಿನ ಅಂಕಿಗಳನ್ನೇ ಬರೆದಾಗ ಗುಂಪಿನಲ್ಲಿ ಎಷ್ಟು ಮೋಸ ನಡೆಯಿತೆಂಬುದು ಮುಚ್ಚಿಡಲಾಗದು. ಹೆಚ್ಚು ಅಂಕಿ ಬರೆದವರು ಸರ್ಕಾರಿ ನೌಕರಿಯನ್ನು ಬಯಸುವುದು ಹೆಚ್ಚೆಂದು 2017ರಲ್ಲಿ ಪ್ರಕಟವಾದ ಅವರ ಲೇಖನ ತೋರಿಸಿತು. ಅದು ಬೇರೆ ಚರ್ಚೆ, ಇಲ್ಲಿಗೆ ಬೇಡ.

'ಹೌದು' ಎನ್ನಲು ನಾಲಿಗೆ ಏಳದವರಿಗಾಗಿ 1960ರ ದಶಕದ ಕೊನೆಯಲ್ಲಿಯೇ ಇನ್ನೊಂದು ಪರಿಹಾರ ಬಂದಿತು. ನಾಣ್ಯ ಅಂಕಿ ತೋರಿಸಿದಾಗ ಸುಮ್ಮನೆ 'ಹೌದು' ಎನ್ನುವ ಬದಲು, ನಾಚಿಕೆಯಿಲ್ಲದ ಬೇರೊಂದು ಪ್ರಶ್ನೆಗೆ ನಿಜವಾದ ಉತ್ತರ ಹೇಳುವುದು. 'ನೀವು ಏಪ್ರಿಲ್ ತಿಂಗಳಲ್ಲಿ ಹುಟ್ಟಿದವರೇ?' ಎಂಬಂತಹ ಪ್ರಶ್ನೆ. ಆಗ ಯಾರೂ ತಾವು ಮಾಡದ ಕೆಲಸವನ್ನು ಮಾಡಿದೆನೆಂದು ಹೇಳಬೇಕಾಗಿಲ್ಲ. ಪ್ರತಿಯೊಬ್ಬರೂ ನಿಜವನ್ನೇ ಹೇಳುತ್ತಾರೆ, ಯಾವ ಪ್ರಶ್ನೆಗೆ ಎಂಬುದು ಮಾತ್ರ ಗುಟ್ಟು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಗರ್ಭಪಾತದ ಪ್ರಮಾಣ ತಿಳಿಯಲು ಈ ಕ್ರಮವನ್ನು ಬಳಸಿದರು. ಅಲ್ಲಿ ಹೆಂಗಸರನ್ನು ನೇರವಾಗಿ ಕೇಳಿ ಉತ್ತರ ಪಡೆಯುವುದು ಆ ಕಾಲದಲ್ಲಿ ಅಸಾಧ್ಯವೇ ಆಗಿತ್ತು.

ಈ ಕ್ರಮವನ್ನು ಹಾಗೆಯೇ ನಮ್ಮೂರಿಗೆ ತಂದರೆ ಎಡವುತ್ತೇವೆ. ಹುಟ್ಟಿದ ತಿಂಗಳನ್ನು ಕೇಳುವಾಗ ಹನ್ನೆರಡರಲ್ಲಿ ಒಂದು ಭಾಗ 'ಹೌದು' ಬರುತ್ತದೆಂದು ಲೆಕ್ಕ ಭಾವಿಸುತ್ತದೆ. ನಮ್ಮಲ್ಲಿ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡ ಜೂನ್ 1ನೇ ತಾರೀಖೇ ಎಷ್ಟೋ ಮಂದಿ ಹಿರಿಯರ ಜನ್ಮದಿನ. ಜೂನ್ ಬಗ್ಗೆ ಕೇಳಿದರೆ ಲೆಕ್ಕಕ್ಕಿಂತ ಬಹಳ ಹೆಚ್ಚು 'ಹೌದು' ಬರುತ್ತದೆ, ಏಪ್ರಿಲ್ ಬಗ್ಗೆ ಕೇಳಿದರೆ ಕಡಿಮೆ ಬರುತ್ತದೆ. ಮೊಬೈಲ್ ಸಂಖ್ಯೆಯ ಕೊನೆಯ ಅಂಕಿ ಸಮವೋ ಬೆಸವೋ ಎಂದು ಕೇಳೋಣವೆಂದರೆ ಆ ಸಂಖ್ಯೆ ಸಮೀಕ್ಷಕರ ಪುಸ್ತಕದಲ್ಲಿಯೇ ಇರುತ್ತದೆ, ಗುಟ್ಟು ಅಲ್ಲಿಗೆ ಮುಗಿಯಿತು. ಹೊಂದುವುದು ಯಾವುದೆಂದರೆ ಚೀಲದ ಮಣಿಗಳೇ. ಪ್ರಶ್ನೆಯ ಬದಲು 'ನಿಮ್ಮ ಎಡಗೈಯ ಚೀಲದಿಂದ ಬಂದ ಮಣಿ ಕೆಂಪೇ?' ಎಂದು ಕೇಳಬಹುದು. ಎಷ್ಟು ಕೆಂಪು ಮಣಿ ಹಾಕಿದ್ದೇವೆಂಬುದು ನಮಗೇ ಗೊತ್ತಿರುವುದರಿಂದ ಊಹೆಗೆ ಎಡೆಯಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಲೆಕ್ಕ ನಿಜಕ್ಕೆ ಹತ್ತಿರವಾಗುತ್ತದೆಯೇ? ಸಾಮಾನ್ಯವಾಗಿ ಪರೀಕ್ಷಿಸಿ ನೋಡುವುದು ಕಷ್ಟ, ಏಕೆಂದರೆ ನಿಜ ಯಾರಿಗೂ ಗೊತ್ತಿಲ್ಲದ್ದಕ್ಕೇ ಸಮೀಕ್ಷೆ ನಡೆಯುವುದು. ಒಂದು ಕಡೆ ಮಾತ್ರ ಒಳ್ಳೆಯ ಅವಕಾಶ ಸಿಕ್ಕಿತು. ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ 2011ರಲ್ಲಿ ಗರ್ಭಪಾತಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಜನಮತಕ್ಕೆ ಹಾಕಿದ್ದರು; ಮತ ಎಣಿಕೆಯ ಫಲ ಎಲ್ಲರಿಗೂ ತಿಳಿದಿತ್ತು. ಅನಂತರ ಸಂಶೋಧಕರು ಜನರನ್ನು ನೀವು ಹೇಗೆ ಮತ ಹಾಕಿದಿರಿ ಎಂದು ಬೇರೆ ಬೇರೆ ವಿಧಾನಗಳಿಂದ ಕೇಳಿ, ಉತ್ತರಗಳನ್ನು ಎಣಿಕೆಯೊಡನೆ ಹೋಲಿಸಿದರು. ನೇರ ಪ್ರಶ್ನೆ ನಿಜದಿಂದ ಬಹಳ ದೂರ ಉಳಿಯಿತು, ಯಾದೃಚ್ಛಿಕ ಉತ್ತರ ವಿಧಾನ ಎಲ್ಲಕ್ಕಿಂತ ಹತ್ತಿರ ಬಂದಿತು. ಇದಕ್ಕೆ ಎದುರಾಗಿ, ಮತದಾನ ಮಾಡಿದಿರಾ ಎಂಬ ಪ್ರಶ್ನೆಗೆ ಇದೇ ವಿಧಾನ ನಂಬಲಾಗದ ಫಲ ಕೊಟ್ಟ ಅಧ್ಯಯನವೂ ಇದೆ. ಉತ್ತರಿಸುವವರು ನಿಯಮವನ್ನು ತಿಳಿದುಕೊಂಡು ಪಾಲಿಸಿದರೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆದ್ದರಿಂದ ಮುಖ್ಯ ಪ್ರಶ್ನೆಗೆ ಮೊದಲು 'ನೀವು ಈ ದಿನ ಊಟ ಮಾಡಿದ್ದೀರಾ?' ಎಂಬಂತಹ ಪ್ರಶ್ನೆಯೊಂದಿಗೆ ಎರಡು ಮೂರು ಸಲ ಆಟವಾಡಿಸಿ ಅಭ್ಯಾಸ ಮಾಡಿಸಬೇಕು. ಊಟ ಮಾಡಿಬಂದವರು ನಾಣ್ಯದ ಮಾತಿನಂತೆ ನಗುತ್ತ 'ಇಲ್ಲ' ಎಂದಾಗ ವಿಧಾನ ಅವರಿಗೆ ಅರ್ಥವಾಯಿತೆಂದು ತಿಳಿಯಬಹುದು.

ಸಮೀಕ್ಷೆಗೆ ಉತ್ತರ ಕೊಡುವವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಸಮೀಕ್ಷಕರು ನಾಣ್ಯವನ್ನಾಗಲಿ ಮಣಿಯನ್ನಾಗಲಿ ನೋಡಲು ಕೇಳಿದರೆ ತೋರಿಸಬೇಕಾಗಿಲ್ಲ. ನೋಡುವ ಅಗತ್ಯ ಅವರಿಗಿಲ್ಲ. ಎರಡನೆಯದು, ಅದೇ ಪ್ರಶ್ನೆಯನ್ನು ಅದೇ ವ್ಯಕ್ತಿಗೆ ಹೊಸ ನಾಣ್ಯ ಚಿಮ್ಮಿಸಿ ಮತ್ತೆ ಮತ್ತೆ ಕೇಳಬಾರದು. ಕುಡಿದವನು ನಾಲ್ಕು ಸಲದಲ್ಲಿ ಮೂರು ಸಲ 'ಹೌದು' ಎನ್ನುತ್ತಾನೆ, ಕುಡಿಯದವನು ಒಂದು ಸಲ. ಹತ್ತು ಬಾರಿ ಕೇಳಿ ಬರೆದಿಟ್ಟರೆ ಎಂಟು 'ಹೌದು' ಇದ್ದವನು ಯಾರೆಂದು ಹೇಳಲು ಸಂಖ್ಯಾಶಾಸ್ತ್ರ ಬೇಕಾಗಿಲ್ಲ, ಮರೆ ಹರಿದುಹೋಗಿರುತ್ತದೆ. ಪ್ರತಿ ವರ್ಷ ಸಮೀಕ್ಷೆ ನಡೆಸುವವರು ಹೆಸರನ್ನು ಬರೆದುಕೊಳ್ಳದಿರುವುದು, ಅಥವಾ ಪ್ರತಿ ಸಲ ಬೇರೆ ಮನೆಗಳನ್ನು ಆರಿಸುವುದು ಈ ಕಾರಣಕ್ಕಾಗಿ.

ಕೊನೆಗೆ, ಆ 96 ಎಂಬ ಸಂಖ್ಯೆಯಿಂದ ಆಗದ ಕೆಲಸವೊಂದಿದೆ. ಅದು ರೋಗಿಯನ್ನು ಹುಡುಕಿಕೊಡುವುದಿಲ್ಲ. ಇಷ್ಟು ವರ್ಷ ದಿನವೂ ಹೆಚ್ಚು ಕುಡಿಯುತ್ತಿದ್ದವನು ವೈದ್ಯರಿಗೆ ಹೇಳದೆ ಒಮ್ಮೆಗೇ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಕೈಕಾಲು ನಡುಕ, ನಿದ್ರೆಗೇಡು, ಬೆವರು, ಕೆಲವರಿಗೆ ಅಪಸ್ಮಾರದಂತಹ ಸೆಳೆತ, ಇಲ್ಲದ್ದು ಕಾಣುವ ಭ್ರಮೆ ಉಂಟಾಗಬಹುದು. ಅದು ಪ್ರಾಣಕ್ಕೂ ಎರವಾಗಬಹುದು. ಅಂಥವರು ತಮ್ಮ ಹೆಸರು ಹೇಳಿಕೊಂಡೇ ಆಸ್ಪತ್ರೆಗೆ ಬರಬೇಕು, ಅಲ್ಲಿ ನಾಣ್ಯದ ಮರೆ ನಡೆಯದು. ಸಮೀಕ್ಷೆಯ ಲೆಕ್ಕದಿಂದ ಸಿಗುವುದು ಅವರು ಬಂದಾಗ ಅಲ್ಲಿ ಹಾಸಿಗೆಯೂ ಔಷಧಿಯೂ ಎಷ್ಟಿರಬೇಕು ಎಂಬ ಅಂದಾಜು.